ಪ್ರಕಾಶಕರು, ಏಜೆನ್ಸಿ, ಸ್ಟುಡಿಯೊ: ಬೆಳಗಾವಿಯಿಂದ ಮಾಡಿ ನೋಡಿದ ಲೆಕ್ಕ

ಮರಾಠಿ ಮತ್ತು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದಿಸುವ ನಾನು ಬೆಳಗಾವಿಯಲ್ಲಿದ್ದುಕೊಂಡೇ ಪ್ರಕಾಶಕರು, ಅನುವಾದ ಏಜೆನ್ಸಿ, ಆಡಿಯೊ ಪುಸ್ತಕದ ಸ್ಟುಡಿಯೊ ಈ ಮೂರೂ ಕಡೆ ಕೆಲಸ ಮಾಡಿದ್ದೇನೆ. ದರವನ್ನಷ್ಟೇ ಹೋಲಿಸಿದರೆ ಇವುಗಳ ನಿಜವಾದ ವ್ಯತ್ಯಾಸ ತಿಳಿಯುವುದಿಲ್ಲ. ಏನನ್ನು ಎಣಿಸಿ ಹಣ ಕೊಡುತ್ತಾರೆ, ಅದು ಯಾವಾಗ ಕೈಸೇರುತ್ತದೆ ಎಂಬುದನ್ನು ನೋಡಬೇಕು.

ಏಜೆನ್ಸಿಗಳು ಪದ ಎಣಿಸುತ್ತವೆ. ಕನ್ನಡದಲ್ಲಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವುದರಿಂದ ಇಂಗ್ಲಿಷಿನ ಸಾವಿರ ಪದಗಳು ಇಲ್ಲಿ ಸಾಕಷ್ಟು ಕಡಿಮೆಯಾಗುತ್ತವೆ. ಆದ್ದರಿಂದ ಎಣಿಕೆ ಮೂಲಪಠ್ಯದ್ದೇ ಆಗಿರಬೇಕೆಂದು ಮೊದಲೇ ಬರೆಸಿಕೊಳ್ಳುವುದು ಒಳಿತು. ಅದಕ್ಕಿಂತ ದೊಡ್ಡ ಕಡಿತ ಟ್ರಾನ್ಸ್‌ಲೇಷನ್ ಮೆಮೊರಿಯಿಂದ, ಅಂದರೆ ಹಿಂದೆ ಅನುವಾದಿಸಿದ ವಾಕ್ಯಗಳನ್ನು ಉಳಿಸಿಟ್ಟು ಮತ್ತೆ ಒದಗಿಸುವ ತಂತ್ರಾಂಶದಿಂದ ಬರುತ್ತದೆ. ಪಂಪ್‌ಸೆಟ್ಟಿನ ಕೈಪಿಡಿಯೊಂದು 5,000 ಪದಗಳದ್ದು, ದರ ಪದಕ್ಕೆ 1 ರೂಪಾಯಿ ಎಂದುಕೊಳ್ಳೋಣ. ಅದರಲ್ಲಿ 2,000 ಪದಗಳು ಪುನರಾವರ್ತನೆಯಾಗಿ ಶೇ. 10ರ ದರಕ್ಕೂ, 1,000 ಪದಗಳು ಹಿಂದಿನ ವಾಕ್ಯಗಳನ್ನು ಭಾಗಶಃ ಹೋಲುತ್ತವೆಂದು ಶೇ. 50ರ ದರಕ್ಕೂ ಇಳಿದರೆ, ಕೈಗೆ ಬರುವುದು 2,700 ರೂಪಾಯಿ, ಅಂದರೆ ಪದಕ್ಕೆ 54 ಪೈಸೆ. ಭಾಗಶಃ ಹೋಲುವ ವಾಕ್ಯದಲ್ಲಿ ಕರ್ತೃಪದವೊಂದು ಬದಲಾದರೂ ಕನ್ನಡದಲ್ಲಿ ಕೊನೆಯ ಕ್ರಿಯಾಪದವನ್ನೂ ತಿದ್ದಬೇಕಾಗಬಹುದು. ಶ್ರಮ ಅರ್ಧಕ್ಕೆ ಇಳಿಯುವುದಿಲ್ಲ. ಹಾಗಾಗಿ ಕೆಲಸ ಒಪ್ಪುವ ಮೊದಲು ಪದಗಳ ವಿಶ್ಲೇಷಣಾ ವರದಿಯನ್ನು ಕೇಳಿ ಪಡೆಯುತ್ತೇನೆ, ಶೇ. 85ಕ್ಕಿಂತ ಕಡಿಮೆ ಹೋಲಿಕೆಗೆ ರಿಯಾಯಿತಿ ಕೊಡುವುದಿಲ್ಲ. ಇಷ್ಟಾದರೂ ಬಿಲ್ಲಿನ ಹಣಕ್ಕೆ ಒಂದು ಗಡುವಿರುವುದು ಇಲ್ಲಿ ಮಾತ್ರ.

ಪ್ರಕಾಶಕರು ಸಾಮಾನ್ಯವಾಗಿ ಪುಟದ ಲೆಕ್ಕದಲ್ಲಿ ಅಥವಾ ಇಡಿಗಂಟಾಗಿ ಕೊಡುತ್ತಾರೆ. ಮರಾಠಿ ಪುಸ್ತಕಗಳ ವಿಷಯದಲ್ಲಿ ಬೆಳಗಾವಿಯವರಿಗೆ ಅನುಕೂಲವಿದೆ, ಏಕೆಂದರೆ ಎರಡೂ ಭಾಷೆ ಇಲ್ಲಿ ಬೀದಿಯಲ್ಲೇ ಕಿವಿಗೆ ಬೀಳುತ್ತವೆ. ತೊಡಕಿರುವುದು ಹಣದ ಕಾಲದಲ್ಲಿ: ನನ್ನ ಒಂದು ಅನುವಾದದ ಸಂಭಾವನೆ ಮುದ್ರಣವಷ್ಟೇ ಅಲ್ಲ, ಗ್ರಂಥಾಲಯಗಳ ಸಗಟು ಖರೀದಿಯ ಹಣ ಬರುವವರೆಗೂ ನಿಂತಿತ್ತು. ಹಕ್ಕಿನ ವಿಷಯ ಇನ್ನೂ ಮುಖ್ಯ. 1957ರ ಕೃತಿಸ್ವಾಮ್ಯ ಕಾಯಿದೆಯ 19ನೇ ಕಲಮಿನಂತೆ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು. ಅವಧಿಯನ್ನು ನಮೂದಿಸದಿದ್ದರೆ ಅದನ್ನು 5 ವರ್ಷವೆಂದು ಭಾವಿಸಲಾಗುತ್ತದೆ. ‘ಎಲ್ಲ ಹಕ್ಕುಗಳೂ ಶಾಶ್ವತವಾಗಿ’ ಎಂಬ ಸಾಲು ಕಂಡರೆ ಅದನ್ನು ಮುದ್ರಿತ ಆವೃತ್ತಿಗೆ ಸೀಮಿತಗೊಳಿಸಲು ಕೇಳಬೇಕು, ಇಲ್ಲವಾದರೆ ಆಡಿಯೊ ಪುಸ್ತಕದ ಪಾಲೂ ಅದರೊಂದಿಗೆ ಹೋಗುತ್ತದೆ.

ಸ್ಟುಡಿಯೊಗಳು ಆಡಿಯೊ ಪುಸ್ತಕ ಓದುವುದಕ್ಕೆ ಸಿದ್ಧ ಧ್ವನಿಯ ಗಂಟೆಯ ಲೆಕ್ಕದಲ್ಲಿ ಹಣ ಕೊಡುತ್ತವೆ. ಒಂದು ಗಂಟೆ ಸಿದ್ಧವಾಗಲು ಓದು, ತಪ್ಪಿದ ಸಾಲುಗಳ ಮರುಧ್ವನಿಮುದ್ರಣ ಸೇರಿ ಅದರ ಹಲವು ಪಟ್ಟು ಸಮಯ ಹಿಡಿಯುತ್ತದೆ. ಜೊತೆಗೆ ನಮ್ಮ ಭಾಗದ ಉಚ್ಚಾರವನ್ನು ಪಾತ್ರಗಳಿಗೆ ಬಯಸುವವರೇ ನಿರೂಪಣೆಯಲ್ಲಿ ಅದನ್ನು ತಿದ್ದಿಸುತ್ತಾರೆ. ಮನೆಯಲ್ಲೇ ಧ್ವನಿಮುದ್ರಿಸೋಣವೆಂದರೆ ಜೂನ್‌ನಿಂದ ಇಲ್ಲಿನ ಮಳೆ ತಗಡಿನ ಚಾವಣಿಯ ಮೇಲೆ ಬೀಳುವಾಗ ಮೈಕ್ ತೆರೆಯುವಂತಿಲ್ಲ.

ತಿಂಗಳ ಖರ್ಚಿಗೆ ನಾನು ಏಜೆನ್ಸಿಯನ್ನೇ ನಂಬಿದ್ದೇನೆ. ಪ್ರಕಾಶಕರ ಪುಸ್ತಕವನ್ನು ಒಪ್ಪಂದದ ದಿನ ಮೂರನೆಯ ಒಂದು ಭಾಗ ಮುಂಗಡ ದೊರೆತರೆ ಮಾತ್ರ ಕೈಗೆತ್ತಿಕೊಳ್ಳುತ್ತೇನೆ. ಧ್ವನಿಯ ಕೆಲಸಕ್ಕೆ ಮಳೆಗಾಲದ ಹೊರಗಿನ ದಿನಗಳನ್ನಷ್ಟೇ ಕೊಡುತ್ತೇನೆ.