ಮಾಲೀಕ ಹೇಳಿದಂತೆಯೋ, ಲೇಬಲ್ ಹೇಳಿದಂತೆಯೋ?

ಕಂಪ್ಯೂಟರಿನಲ್ಲಿ ಒಂದು ಫೈಲನ್ನು ಯಾರು ಓದಬಹುದು ಅನ್ನುವುದನ್ನು ಅದರ ಮಾಲೀಕರಿಗೆ ಬಿಡಬೇಕೋ, ಅದರ ಮೇಲೆ ಹಚ್ಚಿದ ಗೌಪ್ಯತೆಯ ಲೇಬಲ್‌ಗೆ ಬಿಡಬೇಕೋ? ಪ್ರಶ್ನೆಪತ್ರಿಕೆ ಇಡುವ ಮಷೀನಿಗಾದರೆ ನನ್ನ ಓಟು ಲೇಬಲ್‌ಗೇ. ವಿಜಯಪುರದ ನಮ್ಮ ಕೋಚಿಂಗ್ ಸೆಂಟರಿನ ಲಿನಕ್ಸ್ ಮಷೀನಿನಲ್ಲಿ ಎರಡೂ ಬಗೆ ಓಡಿಸಿ ನೋಡಿದ್ದೇನೆ.

ಹಳೆಯದು ಡಿಸ್ಕ್ರೀಷನರಿ ಆಕ್ಸೆಸ್ ಕಂಟ್ರೋಲ್. ಫೈಲು ಯಾರದೋ ಅವರೇ ಅದರ ಯಜಮಾನರು. ಪತ್ರಿಕೆಯನ್ನು ಗಣಿತದ ಮೇಷ್ಟ್ರಿಗೆ ಓದಲು ಮಾತ್ರ ಕೊಟ್ಟಿದ್ದೆ:

```
setfacl -m u:ganita:r patrike.pdf
```

ಅವರು ಅದನ್ನು ತಮ್ಮ ಫೋಲ್ಡರಿಗೆ ಕಾಪಿ ಮಾಡಿದರು. ಆ ಕಾಪಿಗೆ ಅವರೇ ಮಾಲೀಕರು, ನನ್ನ ನಿರ್ಬಂಧ ಅದಕ್ಕಿಲ್ಲ. ಅಲ್ಲಿಂದ ಅದು ಹುಡುಗರ ಫೋಲ್ಡರಿಗೆ ಹೋಯಿತು. ಕೇಳಿದರೆ, "ಸರ, ಓದಾಕ ಕೊಟ್ಟಿದ್ರಿ, ಕಾಪಿ ಮಾಡಬ್ಯಾಡ ಅಂದಿರಲಿಲ್ಲಲ್ರಿ" ಅಂದರು. ಸಿಸ್ಟಮ್ ಲೆಕ್ಕದಲ್ಲಿ ಅವರದ್ದೇನೂ ತಪ್ಪಿಲ್ಲ!

ಆಮೇಲೆ ಮ್ಯಾಂಡೇಟರಿ ಆಕ್ಸೆಸ್ ಕಂಟ್ರೋಲ್‌ಗೆ ಬಂದೆ. ಇದರಲ್ಲಿ ಮಾಲೀಕರ ಮಾತಿಗಿಂತ ಲೇಬಲ್ ದೊಡ್ಡದು. ಲಿನಕ್ಸ್‌ನಲ್ಲಿ ಇದನ್ನು ಜಾರಿ ಮಾಡುವುದು ಎಸ್‌ಇಲಿನಕ್ಸ್, ಗೌಪ್ಯತೆಯ ಮಟ್ಟಗಳನ್ನು ನೋಡಿಕೊಳ್ಳುವುದು ಅದರ ಎಂಎಲ್‌ಎಸ್ ಪಾಲಿಸಿ. ಹುಡುಗರಿಗೆ ಕೆಳಗಿನ ಮಟ್ಟ s0, ಪತ್ರಿಕೆಗೆ ಮೇಲಿನ ಮಟ್ಟ s2. ಪತ್ರಿಕೆ ನೋಡಬೇಕಾದ ಮೇಷ್ಟ್ರಿಗೆ s0 ಇಂದ s2 ತನಕ ಅನುಮತಿ. ನಿಮ್ಮ ಮಟ್ಟ ಮತ್ತು ಅದಕ್ಕಿಂತ ಕೆಳಗಿನದನ್ನು ಓದಬಹುದು, ಬರೆಯುವುದು ಮಾತ್ರ ನಿಮ್ಮ ಮಟ್ಟದಲ್ಲೇ. s2ನಲ್ಲಿ ಕೂತು ಕಾಪಿ ಮಾಡಿದರೆ ಕಾಪಿಗೂ s2 ಲೇಬಲ್ಲೇ ಬೀಳುತ್ತದೆ. ಮಾಲೀಕರು ಬೇಕೆಂದರೂ ಅದನ್ನು ಇಳಿಸಲಾಗುವುದಿಲ್ಲ.

ತಲೆನೋವು ಇರುವುದು ಈ "ಕೆಳಗೆ ಬರೆಯಬಾರದು" ಅನ್ನುವುದರಲ್ಲೇ. ಲಾಗಿನ್ ಆದಾಗ ನೀವು s0. ಪತ್ರಿಕೆ ತೆರೆಯಲು `newrole -l s2` ಕೊಡಬೇಕು. ಆ ಶೆಲ್ಲಿನಿಂದಲೇ ಹುಡುಗರ ವೇಳಾಪಟ್ಟಿ ತಿದ್ದಲು ಹೋದರೆ `Permission denied`. ಫೈಲು ನಿಮ್ಮದೇ, `ls -l` ನೋಡಿದರೆ ಎಲ್ಲ ಸರಿ. `ls -Z` ಕೊಟ್ಟಾಗಲೇ ಲೇಬಲ್ ಕಾಣುವುದು, `ausearch -m avc` ಕೊಟ್ಟರೆ ಯಾರು ತಡೆದರೆಂದು ಗೊತ್ತಾಗುತ್ತದೆ.

ಇದು ಸುಮ್ನೆ ಹಟವಲ್ಲ. s2ನಲ್ಲಿ ಓಡುವ ಪ್ರೋಗ್ರಾಂ s0 ಫೈಲಿಗೆ ಬರೆಯಬಹುದಾದರೆ, ಪತ್ರಿಕೆ ಓದಿ ವೇಳಾಪಟ್ಟಿಯೊಳಗೆ ಸುರಿಯುವುದನ್ನು ತಡೆಯುವವರು ಯಾರು? 1970ರ ದಶಕದಲ್ಲಿ ಅಮೆರಿಕದ ವಾಯುಪಡೆಗಾಗಿ ಬೆಲ್ ಮತ್ತು ಲಾಪಡುಲಾ ರೂಪಿಸಿದ ನಿಯಮದಲ್ಲೂ ಇದೇ ತಡೆ ಇತ್ತು. ಆದರೂ ದಿನಾ `exit` ಹೊಡೆದು s0ಗೆ ಮರಳುವುದು ಬೇಜಾರೇ. ದೂರದಿಂದ ಎಸ್‌ಎಸ್‌ಎಚ್‌ನಲ್ಲಿ ಬಂದರೆ `newrole` ಮಟ್ಟ ಬದಲಿಸಲು ಒಪ್ಪುವುದೇ ಇಲ್ಲ, "ಸುರಕ್ಷಿತ ಟರ್ಮಿನಲ್ ಅಲ್ಲ" ಅನ್ನುತ್ತದೆ. ಹಾಗಾಗಿ ನಮ್ಮಲ್ಲಿ ಪತ್ರಿಕೆ ತಿದ್ದುವವರು ಮಷೀನಿನ ಮುಂದೆಯೇ ಕೂರಬೇಕು.

ಎಂಎಲ್‌ಎಸ್‌ಗೆ ಗ್ರಾಫಿಕಲ್ ಪರದೆ ಒಗ್ಗುವುದಿಲ್ಲ, ಬರೀ ಕಮಾಂಡ್. ಫೋನಿನಲ್ಲಿ ಪರದೆಯ ಫೋಟೊ ಹೊಡೆದರೆ ಯಾವ ಲೇಬಲ್ಲೂ ತಡೆಯುವುದಿಲ್ಲ.

ಖರ್ಚು? ಸಾಫ್ಟ್‌ವೇರ್ ಪುಕ್ಕಟೆ, ಮೂಲೆಯಲ್ಲಿದ್ದ ಹಳೇ ಡೆಸ್ಕ್‌ಟಾಪ್ ಸಾಕಾಯಿತು. ಹೋದದ್ದು ನನ್ನ ಸಮಯ. ನೋಟ್ಸು, ಫೀ ಲೆಕ್ಕ ಇರುವ ಇನ್ನೊಂದು ಮಷೀನಿನಲ್ಲಿ ಹಳೆಯ ಪದ್ಧತಿಯನ್ನೇ ಬಿಟ್ಟಿದ್ದೇನೆ. ಅಲ್ಲಿ ಯಾರಿಗೆ ಏನು ತೋರಿಸಬೇಕೆಂಬುದು ವಾರಕ್ಕೊಮ್ಮೆ ಬದಲಾಗುತ್ತದೆ. ಪ್ರತಿ ಸಲ ಲೇಬಲ್ ತಿದ್ದಲು ಅಡ್ಮಿನ್ನನ್ನು ಕರೆಯಬೇಕಾದರೆ, ಆ ಅಡ್ಮಿನ್ ನಾನೇ ಅಲ್ವಾ?