ಯೂಟ್ಯೂಬ್ ಕಮೆಂಟ್: ನಾಲ್ಕು ವರ್ಷದ ಬಳಕೆ, ಒಂದು ಪಿನ್ ಮತ್ತು ‘ನಂಬರ್’ ಎಂಬ ಪದ

ಶಿರಸಿಯ ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತೇನೆ. ಜೊತೆಗೆ ನಾಲ್ಕು ವರ್ಷದಿಂದ ಒಂದು ಸಣ್ಣ ಯೂಟ್ಯೂಬ್ ಚಾನೆಲ್ ಇದೆ. ಕ್ಯಾಮೆರಾ, ಮೈಕು ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುತ್ತಿರುವುದು ವಿಡಿಯೊ ಕೆಳಗಿನ ಕಮೆಂಟ್‌ಗಳ ಬಗ್ಗೆ. ನನ್ನ ಗಿರಾಕಿಗಳು ಸಿಗುವುದೂ ಅಲ್ಲೇ, ತಪ್ಪಿಹೋಗುವುದೂ ಅಲ್ಲೇ.

ಕಮೆಂಟ್‌ಗಳು ಬಂದ ಸಾಲಿನಲ್ಲಿ ಕಾಣುವುದಿಲ್ಲ. ಮೊದಲು ತೆರೆದುಕೊಳ್ಳುವುದು Top ಎಂಬ ಜೋಡಣೆ. ಹೊಸದು ಮೇಲೆ ಬೇಕಾದರೆ ನೋಡುವವರೇ Newest ಒತ್ತಬೇಕು, ಅಷ್ಟು ತಾಳ್ಮೆ ಯಾರಿಗಿದೆ? Top ಲೆಕ್ಕದ ಪೂರ್ತಿ ಸೂತ್ರವನ್ನು ಯೂಟ್ಯೂಬ್‌ನವರು ಹೊರಗೆ ಬಿಟ್ಟಿಲ್ಲ. ನಾನು ಕಂಡಂತೆ ಲೈಕು, ಉತ್ತರ ಜಾಸ್ತಿ ಬಿದ್ದದ್ದು ಮೇಲೆ ಕೂರುತ್ತದೆ. ಸರಿಯೋ ತಪ್ಪೋ ಎಂಬುದು ಆ ಲೆಕ್ಕದೊಳಗೆ ಬರುವುದಿಲ್ಲ.

ಇದು ಗೊತ್ತಾಗಿದ್ದು ಮಿಡಿಯನ್ನು ಉಪ್ಪಿಗೆ ಹಾಕುವ ವಿಡಿಯೊದಲ್ಲಿ. ಮೊದಲ ದಿನವೇ ಒಬ್ಬರು, ‘ತೊಳೆದ ಮಿಡಿ ಒರೆಸುವುದೇನು ಬೇಡ, ಒದ್ದೆಯಲ್ಲೇ ಭರಣಿಗೆ ಹಾಕಿ. ನಮ್ಮಜ್ಜಿ ಟವೆಲ್ ಹಿಡಿದು ಕೂತಿದ್ದನ್ನು ನಾನಂತೂ ನೋಡಿಲ್ಲ’ ಎಂದು ಬರೆದರು. ಜನ ನಕ್ಕರು, ಲೈಕ್ 140 ದಾಟಿತು. ನಾನೂ ಸುಮ್ನೆ ಇರದೆ ಅದರ ಕೆಳಗೇ ವಾದಕ್ಕೆ ಇಳಿದೆ. ಅದಕ್ಕೆ ಉತ್ತರಗಳು ಇನ್ನಷ್ಟು ಬೆಳೆದವು, ಕಮೆಂಟ್ ಮೇಲಿನಿಂದ ಅಲುಗಲೇ ಇಲ್ಲ. ನಮ್ಮ ಉತ್ತರಗಳೋ, ಒತ್ತಿ ಬಿಡಿಸಿದರೆ ಮಾತ್ರ ಕಾಣುವಂಥವು.

ಮೂರು ವಾರದ ಮೇಲೆ ಸಿದ್ದಾಪುರದ ಹಿರಿಯರೊಬ್ಬರು, ‘ತಂಗೀ, ನೀರಿನ ಪಸೆ ಉಳಿದರೆ ಬೂಸ್ಟು ಬರ್ತದೆ. ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಆರಿಸಿ, ಆಮೇಲೆ ಉಪ್ಪು ಹಾಕು’ ಎಂದು ಬರೆದರು. ಬೇಕಾಗಿದ್ದ ಮಾತು ಅದೇ. ಲೈಕ್ ಎರಡು. ಅದರಲ್ಲಿ ಒಂದು ನನ್ನದು. ಅವರಿಗೆ ತಮ್ಮ ಕಮೆಂಟ್ ಮೇಲೇ ಕಂಡಿತ್ತಂತೆ. ಹಾಕಿದ ಕೂಡಲೇ ಹಾಕಿದವರಿಗೆ ಹಾಗೆ ಕಾಣುತ್ತದೆ. ನಮ್ಮ ಅತ್ತಿಗೆಯ ಫೋನಿನಲ್ಲಿ ನೋಡಿದರೆ ಅದು ಎಲ್ಲೋ ತಳದಲ್ಲಿತ್ತು. ಅಂದಿನಿಂದ ನನ್ನ ಫೋನಿನಲ್ಲಿ ಕಂಡದ್ದನ್ನು ನಾನು ನಂಬುವುದಿಲ್ಲ. ಲಾಗಿನ್ ಇಲ್ಲದ ಇನ್ನೊಂದು ಫೋನಿನಲ್ಲಿ ತೆರೆದು ನೋಡುತ್ತೇನೆ.

ಪಕ್ಕದ ಮೂರು ಚುಕ್ಕಿ ಒತ್ತಿ ಆ ಹಿರಿಯರ ಕಮೆಂಟನ್ನು ಪಿನ್ ಮಾಡಿದೆ. ಪಿನ್ ಆದದ್ದು ಲೈಕ್ ಎಷ್ಟೇ ಇರಲಿ, ಎಲ್ಲಕ್ಕಿಂತ ಮೇಲೆ ಬಂದು ಕೂರುತ್ತದೆ. ಆದರೆ ಒಂದು ವಿಡಿಯೊಗೆ ಒಂದೇ ಪಿನ್. ಮೊದಲು ಅಲ್ಲಿ ನನ್ನದೇ ಆರ್ಡರ್ ವಿವರ ಇತ್ತು, ಅದು ಇಳಿದು ವಿಡಿಯೊದ ವಿವರಣೆಗೆ ಹೋಯಿತು. ವ್ಯಾಪಾರ ಸ್ವಲ್ಪ ಕಮ್ಮಿ ಆದರೂ ಅಡ್ಡಿಲ್ಲ, ನನ್ನ ವಿಡಿಯೊ ನೋಡಿ ಯಾರದ್ದೋ ಭರಣಿ ಹಾಳಾಗುವುದು ಬೇಡ. ‘ಒದ್ದೆಯಲ್ಲೇ ಹಾಕಿ’ ಈಗಲೂ ಎರಡನೆಯ ಜಾಗದಲ್ಲಿದೆ. ಅಳಿಸಬಹುದಿತ್ತು. ಅಳಿಸಿದರೆ ಅದರ ಕೆಳಗಿನ ಉತ್ತರಗಳೂ ಹೋಗುತ್ತವೆ, ಅವುಗಳಲ್ಲಿ ಒಳ್ಳೆ ಮಾತುಗಳಿದ್ದವು. ಬಿಟ್ಟೆ.

ಇನ್ನು ಪದಗಳ ಸೋಸುವಿಕೆ. ಇದರಲ್ಲಿ ಪೆಟ್ಟು ತಿಂದಿದ್ದು ನನ್ನದೇ ಕೈಯಿಂದ. ‘ಮನೆಯಲ್ಲೇ ಕೂತು ದುಡಿಯಿರಿ, ಈ ನಂಬರ್‌ಗೆ ಮೆಸೇಜ್ ಮಾಡಿ’ ಎನ್ನುವ ಕಸ ಬೀಳುತ್ತಿತ್ತು. ಬೇಜಾರಾಗಿ ಯೂಟ್ಯೂಬ್ ಸ್ಟುಡಿಯೊದ ಸೆಟ್ಟಿಂಗ್ಸ್‌ನಲ್ಲಿ Blocked words ಪಟ್ಟಿಗೆ ಅಲ್ಪವಿರಾಮ ಹಾಕಿ ಹೀಗೆ ಸೇರಿಸಿದೆ:

```
ನಂಬರ್, ನಂಬರ್‌ಗೆ, number, nambar
```

ಒಂದೇ ಪದಕ್ಕೆ ಇಷ್ಟು ರೂಪ ಯಾಕೆಂದರೆ, ನಮ್ಮವರು ಕನ್ನಡವನ್ನು ಎರಡು ಲಿಪಿಯಲ್ಲಿ, ಮನಸ್ಸಿಗೆ ಬಂದ ಕಾಗುಣಿತದಲ್ಲಿ ಬರೆಯುತ್ತಾರೆ. ಮೇಲಿಂದ ವಿಭಕ್ತಿ ಬೇರೆ. ಕಸ ಹಾಕುವವರು ಜಾಣರು, ‘ನಂ.ಬರ್’ ಎಂದು ಬರೆದು ನುಗ್ಗಿದರು. ಸಿಕ್ಕಿಬಿದ್ದವರು ಪಾಪದವರು. ಪಟ್ಟಿಯ ಪದ ಇರುವ ಕಮೆಂಟ್ ಅಳಿದುಹೋಗುವುದಿಲ್ಲ, Held for review ಎಂಬ ಕಡೆ ಕಾಯುತ್ತಾ ಕೂರುತ್ತದೆ. ನಾನು ಒಪ್ಪುವ ತನಕ ಬೇರೆ ಯಾರಿಗೂ ಕಾಣುವುದಿಲ್ಲ. ಕಾಯುವುದು ಹೆಚ್ಚೆಂದರೆ 60 ದಿನ. ನಾನು ಆ ಕಡೆ ತಲೆ ಹಾಕಿಯೇ ಇರಲಿಲ್ಲ.

ಮಿಡಿ ಕಾಲದಲ್ಲಿ ಕಮೆಂಟ್ ಯಾಕೆ ಇಷ್ಟು ಕಮ್ಮಿ ಎಂದು ಅನುಮಾನ ಬಂದು, ಮೇ ತಿಂಗಳಲ್ಲಿ ತೆರೆದು ನೋಡಿದೆ. ‘ನಂಬರ್ ಒನ್ ರುಚಿ ಅಕ್ಕಾ’ ಎಂದಿದ್ದವರು ಅಲ್ಲಿದ್ದರು. ‘ಎರಡು ಕೆಜಿ ಬೇಕಿತ್ತು, ನಂಬರ್ ಕೊಡಿ’ ಎಂದು ಕೇಳಿದ್ದ ಹನ್ನೊಂದು ಜನ ಇದ್ದರು. ಅದಕ್ಕೂ ಹಳೆಯವು ಎಷ್ಟಿದ್ದವೋ, ಅವಧಿ ಮುಗಿದು ಹೋಗಿದ್ದವು.

ಆ ಒಂಟಿ ಪದವನ್ನು ತೆಗೆದೆ. ಅದರ ಬದಲು ಕಸದಲ್ಲಿ ಮಾತ್ರ ಬರುವ ‘ಮನೆಯಲ್ಲೇ ಕೂತು ದುಡಿಯಿರಿ’ ಎಂಬ ಇಡೀ ಸಾಲು ಹಾಕಿದೆ. ಲಿಂಕ್ ಇರುವ ಕಮೆಂಟ್‌ಗಳನ್ನು ತಡೆಹಿಡಿಯುವ ಆಯ್ಕೆಯನ್ನೂ ಆನ್ ಮಾಡಿದೆ. ಖಾಯಂ ಗಿರಾಕಿಗಳನ್ನು ಒಪ್ಪಿದ ಬಳಕೆದಾರರ ಪಟ್ಟಿಗೆ ಸೇರಿಸಿದ ಮೇಲೆ ಅವರ ಮಾತು ಈ ಜರಡಿಗೆ ಸಿಗುತ್ತಿಲ್ಲ. ಪ್ರತಿ ಶನಿವಾರ ಸಂತೆಯಿಂದ ಬಂದು ಒಮ್ಮೆ ಕಾಯುತ್ತಿರುವವರನ್ನು ನೋಡುತ್ತೇನೆ.

ಹನ್ನೊಂದು ಜನಕ್ಕೂ ಉತ್ತರ ಬರೆದೆ. ಇಬ್ಬರು ತಿರುಗಿ ಕೇಳಿದರು, ‘ಈಗ ಸಿಗ್ತದಾ ಅಕ್ಕಾ?’ ಅಷ್ಟರಲ್ಲಿ ಆ ವರ್ಷದ ಭರಣಿಗಳೆಲ್ಲ ಖಾಲಿ.