ಓಟದ ಲೆಕ್ಕಕ್ಕೆ ಮೂರು ದಾರಿ: ಸೂತ್ರದ ಪುಸ್ತಕ, ಸಮೀಕರಣ, ಅನುಪಾತ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವಾಗ ಓಟದ ಲೆಕ್ಕಗಳಿಗೆ ನಾನು ಮೂರು ದಾರಿ ಹಿಡಿದು ನೋಡಿದ್ದೇನೆ. ಒಂದು, ದುಡ್ಡು ಕೊಟ್ಟು ತಂದ ಶಾರ್ಟ್‌ಕಟ್ ಸೂತ್ರಗಳ ಪುಸ್ತಕ. ಇನ್ನೊಂದು, ಹೈಸ್ಕೂಲಿನಲ್ಲಿ ಕಲಿತ ಹಾಗೆ x ಹಿಡಿದು ಸಮೀಕರಣ ಬರೆಯುವುದು. ಮೂರನೆಯದು ದೂರಗಳನ್ನೇ ವೇಗದ ಅನುಪಾತ ಮಾಡಿಕೊಳ್ಳುವುದು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಅನುಪಾತಕ್ಕೆ. ಪುಸ್ತಕದ ದುಡ್ಡು ದಂಡವಾಯಿತು ಅನ್ನುವುದು ಅದಕ್ಕೆ ಒಂದು ಕಾರಣ, ಆದರೆ ಅದೊಂದೇ ಅಲ್ಲ.

ಅನುಪಾತದ ದಾರಿಯಲ್ಲಿ ತಿಳಿದಿರಬೇಕಾದ್ದು ಒಂದೇ ಮಾತು. ಇಬ್ಬರೂ ಅಷ್ಟೇ ಹೊತ್ತು ಓಡಿದರೆ, ಅವರು ಓಡಿದ ದೂರಗಳ ಅನುಪಾತವೇ ಅವರ ವೇಗದ ಅನುಪಾತ. 100 ಮೀಟರ್ ಓಟದಲ್ಲಿ ರಾಮು ಸೋಮುವನ್ನು 20 ಮೀಟರಿನಿಂದ ಸೋಲಿಸಿದ ಅಂದುಕೊಳ್ಳಿ. ರಾಮು ಗೆರೆ ಮುಟ್ಟಿದಾಗ ಸೋಮು 80 ಮೀಟರಿನಲ್ಲಿದ್ದ. ಹಾಗಾದರೆ ವೇಗ 100:80, ಅಂದರೆ 5:4. ಸೆಕೆಂಡು ಎಷ್ಟಾಯಿತು ಅಂತ ಗೊತ್ತಿರಬೇಕಾಗಿಲ್ಲ. ಸೋಮುವಿಗೆ 20 ಮೀಟರ್ ಮುನ್ನಡೆ ಕೊಟ್ಟರೆ ಅವನು ಓಡಬೇಕಾದ್ದು 80, ರಾಮು ಓಡಬೇಕಾದ್ದು 100. ಇಬ್ಬರೂ ಒಟ್ಟಿಗೆ ಗೆರೆ ಮುಟ್ಟುತ್ತಾರೆ. ಇದೇ ಡೆಡ್ ಹೀಟ್. ಇಲ್ಲಿಯವರೆಗೆ ಮೂರೂ ದಾರಿಯಲ್ಲಿ ಉತ್ತರ ಒಂದೇ.

ತೊಂದರೆ ಶುರುವಾಗುವುದು ಇದರ ಮುಂದಿನ ಪ್ರಶ್ನೆಯಲ್ಲಿ. ಸೋಮುವನ್ನು ಮುಂದೆ ನಿಲ್ಲಿಸುವ ಬದಲು ರಾಮುವನ್ನು ಹೊರಡುವ ಗೆರೆಯಿಂದ 20 ಮೀಟರ್ ಹಿಂದೆ ನಿಲ್ಲಿಸಿದರೆ? ನಾನು ತಂದ ಪುಸ್ತಕದಲ್ಲಿ ಸೂತ್ರ ಸರಳವಾಗಿತ್ತು: ಎಷ್ಟು ಮೀಟರಿನಿಂದ ಗೆಲ್ಲುತ್ತಾನೋ ಅಷ್ಟು ಅಂತರ ಕೊಟ್ಟರೆ ಡೆಡ್ ಹೀಟ್. ಅಂತರ ಮುಂದಕ್ಕೋ ಹಿಂದಕ್ಕೋ ಅನ್ನುವ ಮಾತೇ ಇಲ್ಲ. ಈ ಪ್ರಶ್ನೆಗೂ ಹಿಂದಿನ ಪುಟಗಳಲ್ಲಿ ‘ಡೆಡ್ ಹೀಟ್’ ಅಂತಲೇ ಉತ್ತರ ಅಚ್ಚಾಗಿತ್ತು. ಅದು ತಪ್ಪು.

ಯಾಕೆ ತಪ್ಪು ಅಂತ ನೋಡಿ. ರಾಮು 100 ಮೀಟರ್ ಓಡುವಷ್ಟರಲ್ಲಿ ಸೋಮು 80 ಓಡುತ್ತಾನೆ. ರಾಮು ಹೊರಟಿದ್ದು 20 ಮೀಟರ್ ಹಿಂದಿನಿಂದ, ಆದ್ದರಿಂದ ಆ ಹೊತ್ತಿಗೆ ಅವನೂ 80ರ ಗುರುತಿನಲ್ಲೇ ಇದ್ದಾನೆ. ಇಬ್ಬರೂ ಸಮ ಆದರು, ನಿಜ. ಆದರೆ ಓಟ ಮುಗಿದಿಲ್ಲ, ಇನ್ನೂ 20 ಮೀಟರ್ ಬಾಕಿ ಇದೆ. ಅದರಲ್ಲಿ ಜೋರಾಗಿ ಓಡುವವನು ರಾಮುವೇ ಅಲ್ವಾ? ಅವನು ಆ 20 ಮುಗಿಸುವಾಗ ಸೋಮು ಓಡಿರುವುದು 16. ರಾಮು 4 ಮೀಟರಿನಿಂದ ಗೆಲ್ಲುತ್ತಾನೆ.

ಹಾಗಾದರೆ ಡೆಡ್ ಹೀಟ್ ಆಗಲು ರಾಮು ಎಷ್ಟು ಹಿಂದೆ ನಿಲ್ಲಬೇಕು? ಈಗ ಸೋಮು ಪೂರ್ತಿ 100 ಓಡುತ್ತಾನೆ. ಅದು 4 ಪಾಲು, ಒಂದು ಪಾಲು 25. ರಾಮುವಿನ 5 ಪಾಲು 125. ಅಂದರೆ ಅವನು 25 ಮೀಟರ್ ಹಿಂದೆ ನಿಲ್ಲಬೇಕು. ಮುನ್ನಡೆ ಕೊಡುವುದಾದರೆ 20, ಹಿಂದೆ ನಿಲ್ಲುವುದಾದರೆ 25. ಮೊದಲನೆಯದರಲ್ಲಿ ರಾಮುವಿನ ದೂರ 100ಕ್ಕೆ ನಿಂತಿದೆ, ಎರಡನೆಯದರಲ್ಲಿ ಸೋಮುವಿನ ದೂರ 100ಕ್ಕೆ ನಿಂತಿದೆ. ಯಾರ ದೂರ ಬದಲಾಗುತ್ತಿದೆ ಅಂತ ಕೇಳಿಕೊಳ್ಳದೆ ಅಂತರವನ್ನು ಮಾತ್ರ ಹಿಡಿದುಕೊಂಡರೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ಸೂತ್ರದ ಪುಸ್ತಕ ಕಲಿಸುವುದು ಆ ಅಂತರವನ್ನೇ. ನನ್ನ ದೊಡ್ಡ ತಕರಾರು ಇದು.

ಇದೇ ರೋಗ ಮೂವರ ಓಟದಲ್ಲೂ ಬರುತ್ತದೆ. 100 ಮೀಟರಿನಲ್ಲಿ ರಾಮು ಸೋಮುವನ್ನು 10 ಮೀಟರಿನಿಂದ, ಸೋಮು ಭೀಮುವನ್ನು 10 ಮೀಟರಿನಿಂದ ಸೋಲಿಸುತ್ತಾನೆ. ರಾಮು ಭೀಮುವನ್ನು 20ರಿಂದ ಸೋಲಿಸುತ್ತಾನೆ ಅನ್ನಿಸುತ್ತದೆ. ಆದರೆ ರಾಮು 100 ಓಡಿದಾಗ ಸೋಮು ಓಡಿರುವುದು 90. ಸೋಮುವಿನ 90ಕ್ಕೆ ಭೀಮುವಿನದು 81. ಅಂತರ 19. ಪುಸ್ತಕ ಇದಕ್ಕೊಂದು ಸೂತ್ರ ಕೊಟ್ಟಿತ್ತು, x ಮತ್ತು y ಅಂದರೆ ಎರಡು ಸೋಲಿನ ಅಂತರಗಳು: `x + y - xy/100`. ಇಲ್ಲಿ 19 ಸರಿಯಾಗಿಯೇ ಬರುತ್ತದೆ. ಆದರೆ ಮೊದಲ ಸೋಲು 200 ಮೀಟರ್ ಓಟದ್ದು, ಎರಡನೆಯದು 100 ಮೀಟರಿನದು ಅಂತ ಪ್ರಶ್ನೆ ಬಂದರೆ ಆ ಸೂತ್ರ ಸುಮ್ನೆ ಹಾಕುವ ಹಾಗಿಲ್ಲ. ಅನುಪಾತಕ್ಕೆ ಇದರಿಂದ ಏನೂ ಆಗುವುದಿಲ್ಲ. 200ಕ್ಕೆ 180 ಅಂದರೂ 100ಕ್ಕೆ 90 ಅಂದರೂ 10:9 ತಾನೆ.

ಸಮೀಕರಣದ ಮೇಲೆ ನನಗೆ ಸಿಟ್ಟಿಲ್ಲ. ಅದು ಸುಳ್ಳು ಹೇಳುವುದಿಲ್ಲ, ಆದರೆ ನಿಧಾನ. ಇಬ್ಬರ ವೇಗಕ್ಕೂ ಒಂದೊಂದು ಅಕ್ಷರ, ಸಮಯಕ್ಕೆ ಇನ್ನೊಂದು. ಆಮೇಲೆ ಅದೆಲ್ಲ ಹೊಡೆದುಹೋಗಿ ಕೊನೆಗೆ ಉಳಿಯುವುದು ಅದೇ 5:4. ಅದು ನಿಜವಾಗಿ ಬೇಕಾಗುವುದು ಓಟದ ನಡುವೆ ಒಬ್ಬ ನಿಂತುಬಿಟ್ಟಾಗ, ಇಲ್ಲವೇ ಅರ್ಧ ದಾರಿಯಲ್ಲಿ ವೇಗ ಬದಲಾದಾಗ. ಆಗ ‘ಓಟದುದ್ದಕ್ಕೂ ಒಂದೇ ಅನುಪಾತ’ ಅನ್ನುವ ಆಧಾರವೇ ಹೋಗುತ್ತದೆ.

ಸೆಕೆಂಡು ಬಂದಾಗ ಅನುಪಾತದಲ್ಲೂ ಒಂದು ಎಚ್ಚರ ಬೇಕು. ‘100 ಮೀಟರಿನಲ್ಲಿ ರಾಮು 20 ಮೀಟರ್ ಅಥವಾ 4 ಸೆಕೆಂಡಿನಿಂದ ಗೆದ್ದ’ ಅಂದರೆ, ಆ 20 ಮೀಟರ್ ಓಡಲು 4 ಸೆಕೆಂಡ್ ಹಿಡಿದಿದ್ದು ಸೋಮುವಿಗೆ, ರಾಮುವಿಗಲ್ಲ. ಸೋಮುವಿನ ವೇಗ ಸೆಕೆಂಡಿಗೆ 5 ಮೀಟರ್, ಪೂರ್ತಿ ಓಟಕ್ಕೆ 20 ಸೆಕೆಂಡ್. ರಾಮುವಿಗೆ 16. ವೇಗ 5:4 ಇದ್ದರೆ ಸಮಯ 4:5, ತಿರುವುಮುರುವು. ಉತ್ತರ ಬಂದ ಮೇಲೆ ಇದನ್ನೊಮ್ಮೆ ನೋಡಿಕೊಂಡರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಗೆದ್ದವನಿಗೆ ಜಾಸ್ತಿ ಸೆಕೆಂಡ್ ಬಂದಿದ್ದರೆ ಎಲ್ಲೋ ಅದಲುಬದಲಾಗಿದೆ.

ಇದೆಲ್ಲ ಕಾಗದದ ಓಟ, ಅದೂ ನಿಜ. ಇಲ್ಲಿ ಮಾಡಿದ ಲೆಕ್ಕಗಳೆಲ್ಲ ಓಟಗಾರರ ವೇಗ ಮೊದಲಿನಿಂದ ಕೊನೆಯವರೆಗೆ ಒಂದೇ ಅಂತ ನಂಬಿವೆ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ 1878ರಿಂದ ನಡೆಯುತ್ತಿರುವ ಸ್ಟಾವೆಲ್ ಗಿಫ್ಟ್‌ನಲ್ಲಿ ನಿಜವಾಗಿಯೂ ಮುನ್ನಡೆ ಕೊಟ್ಟು ಓಡಿಸುತ್ತಾರೆ. ಹುಲ್ಲಿನ ಮೇಲೆ 120 ಮೀಟರ್. ಜಾಸ್ತಿ ಬಲ ಇರುವವನು ಹಿಂದಿನ ಗೆರೆಯಿಂದ, ಉಳಿದವರು ಅವರವರ ಹಿಂದಿನ ಓಟ ನೋಡಿ ಕೊಟ್ಟ ಮೀಟರುಗಳಷ್ಟು ಮುಂದಿನಿಂದ. ಎಲ್ಲರೂ ಒಟ್ಟಿಗೆ ಗೆರೆಗೆ ಬರಲಿ ಅನ್ನುವುದೇ ಆ ಲೆಕ್ಕದ ಉದ್ದೇಶ. ಆದರೂ ಜೋಶುವಾ ರಾಸ್ 2005ರಲ್ಲಿ ಒಂದು ಮೀಟರ್ ಮುನ್ನಡೆಯೂ ಇಲ್ಲದೆ ಗೆದ್ದರು. ಹೊರಡುವಾಗ ವೇಗ ಏರಲು ಹಿಡಿಯುವ ಹೊತ್ತು, ಅವತ್ತಿನ ಮೈ, ಇವು ಅನುಪಾತಕ್ಕೆ ಸಿಗುವುದಿಲ್ಲ.

ಪರೀಕ್ಷೆಗೆ ಮಾತ್ರ ನನ್ನ ಆಯ್ಕೆ ಅನುಪಾತವೇ. ನನಗೆ ಸೂತ್ರ ಬಾಯಿಪಾಠ ನಿಲ್ಲುವುದಿಲ್ಲ, ಒರಟು ಕೆಲಸಕ್ಕೆ ಪ್ರಶ್ನೆಪತ್ರಿಕೆಯ ಅಂಚು ಸಾಕು ಅನ್ನುವ ಅಭ್ಯಾಸ. ಇದಕ್ಕೆ ಬೇಕಾದ್ದು ಎರಡು ದೂರ ಬರೆದುಕೊಳ್ಳುವಷ್ಟು ಜಾಗ, ಖರ್ಚು ಏನೂ ಇಲ್ಲ. ನಿಮಗೆ ಸೂತ್ರ ಚೆನ್ನಾಗಿ ನೆನಪಿರುತ್ತದೆ ಅಂದರೆ ಪುಸ್ತಕ ಕೊಳ್ಳಿ. ಆದರೆ ಅಂಗಡಿಯಲ್ಲೇ ಓಟದ ಅಧ್ಯಾಯ ತೆಗೆದು, ಹಿಂದೆ ನಿಲ್ಲುವ ಪ್ರಶ್ನೆ ಇದೆಯಾ, ಅದಕ್ಕೆ 20 ಅಂದಿದ್ದಾರಾ 25 ಅಂದಿದ್ದಾರಾ ನೋಡಿ. 20 ಅಂತಿದ್ದರೆ ಅಲ್ಲೇ ಇಟ್ಟು ಬನ್ನಿ.